ಬಾಟಲಿ ಗಾಜಿನ ಪಾಠ ಕನ್ನಡಕ್ಕೆ: ಅನೀಲಿಂಗ್‌ಗೆ ‘ಹದ’ ಯಾಕೆ ಬೇಡ

ಪ್ರಶ್ನೆ: ಗಾಜಿನ ಬಾಟಲಿ ಕಾರ್ಖಾನೆಯ ಹೊಸ ಟೆಕ್ನಿಷಿಯನ್‌ಗಳಿಗಾಗಿ ಒಂದು ತರಬೇತಿ ಪಠ್ಯವನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುತ್ತಿದ್ದೇನೆ. ಫರ್ನೇಸ್, ಫಾರ್ಮಿಂಗ್ ಮಷಿನ್, ಬಾಟಲಿಯನ್ನು ನಿಧಾನವಾಗಿ ತಣ್ಣಗೆ ಮಾಡುವ ಅನೀಲಿಂಗ್ ಮೂರೂ ಇವೆ. ಅನೀಲಿಂಗ್‌ಗೆ ಒಂದು ನಿಘಂಟು ‘ಹದಗೊಳಿಸುವಿಕೆ’ ಅನ್ನುತ್ತದೆ, ಇನ್ನೊಂದು ‘ಮೆದುಗೊಳಿಸುವಿಕೆ’ ಅನ್ನುತ್ತದೆ. ಯಾವುದು ಸರಿ? ಮಷಿನ್ ಭಾಗಗಳ ಹೆಸರುಗಳನ್ನೂ ಕನ್ನಡ ಮಾಡಬೇಕಾ, ಹಾಗೇ ಬಿಡಬೇಕಾ?

ಉತ್ತರ:

ಎರಡೂ ಬೇಡ. ಅನೀಲಿಂಗನ್ನು ಅನೀಲಿಂಗ್ ಅಂತಲೇ ಬಿಡಿ. ಮಷಿನ್ ಭಾಗಗಳ ಹೆಸರುಗಳನ್ನೂ ಹಾಗೇ ಬಿಡಿ. ಹುಡುಗರು ನಾಳೆ ಶಾಪ್‌ನಲ್ಲಿ ಕೇಳುವುದು ‘ಬ್ಲ್ಯಾಂಕ್ ಬದಲಾಯಿಸು’, ‘ನೆಕ್ ರಿಂಗ್ ನೋಡು’ ಅನ್ನುವ ಮಾತನ್ನೇ. ನಿಮ್ಮ ಪಠ್ಯ ಇನ್ನೊಂದು ಹೆಸರು ಕಲಿಸಿದರೆ ಅವರು ಎರಡೆರಡು ಸಲ ಕಲಿಯಬೇಕಾಗುತ್ತದೆ. ನಿಮ್ಮ ಶ್ರಮ ಹೆಸರುಗಳ ಮೇಲೆ ಹೋಗುವುದು ಬೇಡ, ಕ್ರಿಯಾಪದಗಳ ಮೇಲೆ ಹೋಗಲಿ. ಯಾವುದು ಏನನ್ನು ಮಾಡುತ್ತದೆ, ಯಾವಾಗ, ಯಾಕೆ ಅನ್ನುವುದು ಕನ್ನಡದಲ್ಲಿ ಸ್ಪಷ್ಟವಾಗಿ ಬಂದರೆ ಸಾಕು. ನಾನು ನೋಡಿದ ಕೆಟ್ಟ ಅನುವಾದಗಳಲ್ಲಿ ಬಹುಪಾಲು ಕೆಟ್ಟದ್ದು ಅಲ್ಲೇ.

ಫರ್ನೇಸ್ ಭಾಗದಲ್ಲಿ ನಿಮಗೆ ಅಷ್ಟು ಕಷ್ಟ ಆಗಲಿಕ್ಕಿಲ್ಲ. ಒಂದು ಜಾಗದಲ್ಲಿ ಮಾತ್ರ ಎಚ್ಚರ ಬೇಕು. ಕನ್ನಡದ ‘ಕರಗು’ ಎರಡು ಬೇರೆ ಕೆಲಸಗಳಿಗೆ ಒಂದೇ ಪದ. ಮೇಣ ಬಿಸಿಗೆ ಕರಗುತ್ತದೆ, ಸಕ್ಕರೆ ನೀರಿನಲ್ಲಿ ಕರಗುತ್ತದೆ. ಫರ್ನೇಸ್‌ನಲ್ಲಿ ಮರಳಿಗೆ ಆಗುವುದು ಎರಡನೆಯದು. ಶುದ್ಧ ಸಿಲಿಕಾ ತಾನಾಗಿ ದ್ರವವಾಗಬೇಕಾದರೆ ಸುಮಾರು 1,700 ಡಿಗ್ರಿ ಸೆಲ್ಸಿಯಸ್ ಬೇಕು. ಬಾಟಲಿ ಫರ್ನೇಸ್‌ನಲ್ಲಿ ಗಾಜು ಇರುವುದು 1,500ರ ಆಸುಪಾಸಿನಲ್ಲಿ. ಸೋಡಾ ಆ್ಯಶ್ ಮೊದಲು ಕರಗಿ ದ್ರವವಾಗುತ್ತದೆ, ಮರಳಿನ ಕಾಳುಗಳು ಆ ದ್ರವದೊಳಗೆ ನಿಧಾನವಾಗಿ ಕರಗಿ ಸೇರಿಕೊಳ್ಳುತ್ತವೆ. ‘ಮರಳು 1,500 ಡಿಗ್ರಿಯಲ್ಲಿ ಕರಗುತ್ತದೆ’ ಅಂತ ಬರೆದರೆ ಓದುವವನು ‘ಅಷ್ಟು ಬಿಸಿ ಬಂತು, ಕೆಲಸ ಮುಗೀತು’ ಅಂದುಕೊಳ್ಳುತ್ತಾನೆ. ನಿಜದಲ್ಲಿ ಬಿಸಿಯ ಜೊತೆ ಸಮಯವೂ ಬೇಕು. ಕಾಳು ದಪ್ಪ ಇದ್ದರೆ ಇನ್ನೂ ಜಾಸ್ತಿ ಸಮಯ ಬೇಕು. ಸಮಯ ಸಾಲದಿದ್ದರೆ ಕರಗದೆ ಉಳಿದ ಕಾಳು ಬಾಟಲಿಯ ಗೋಡೆಯಲ್ಲಿ ಬಿಳಿ ಚುಕ್ಕೆಯಾಗಿ ಕಾಣುತ್ತದೆ. ಅದನ್ನೇ ಸ್ಟೋನ್ ಅನ್ನುವುದು. ಆದ್ದರಿಂದ ‘ಸೋಡಾ ಕರಗಿ ದ್ರವವಾಗುತ್ತದೆ, ಮರಳಿನ ಕಾಳುಗಳು ಆ ದ್ರವದಲ್ಲಿ ಸ್ವಲ್ಪ ಸ್ವಲ್ಪವಾಗಿ ಬೆರೆತು ಹೋಗುತ್ತವೆ’ ಅಂತ ಎರಡು ವಾಕ್ಯ ಮಾಡಿ. ಮೂಲದಲ್ಲಿ ಒಂದೇ ವಾಕ್ಯ ಇದ್ದರೂ ಪರವಾಗಿಲ್ಲ.

ಥ್ರೋಟ್ ಅನ್ನು ‘ಗಂಟಲು’ ಅಥವಾ ‘ಕುತ್ತಿಗೆ’ ಮಾಡಬೇಡಿ. ಮುಂದೆ ಬಾಟಲಿಯ ಕುತ್ತಿಗೆ ಬಂದಾಗ ಎರಡೂ ಕಲಸಿಹೋಗುತ್ತವೆ. ಥ್ರೋಟ್ ಅಂತಲೇ ಬರೆದು, ‘ಕರಗಿಸುವ ತೊಟ್ಟಿಯಿಂದ ಮುಂದಿನ ತೊಟ್ಟಿಗೆ ಗಾಜು ಹೋಗುವ ಕಂಡಿ, ಇದು ಗಾಜಿನ ಮೇಲ್ಮಟ್ಟಕ್ಕಿಂತ ತುಂಬ ಕೆಳಗೆ ಇರುತ್ತದೆ, ಹಾಗಾಗಿ ಮೇಲೆ ತೇಲುವ ಕರಗದ ಬ್ಯಾಚ್ ಮುಂದೆ ಹೋಗುವುದಿಲ್ಲ’ ಅಂತ ಒಂದು ಸಲ ವಿವರಿಸಿದರೆ ಮುಗಿಯಿತು. ಬ್ಯಾಚ್ ಅಂದರೆ ಇಲ್ಲಿ ಕಚ್ಚಾ ವಸ್ತುಗಳ ಮಿಶ್ರಣ. ಬೇರೆ ಕಾರ್ಖಾನೆಗಳಲ್ಲಿ ಹೇಳುವ ‘ಒಂದು ಸಲಕ್ಕೆ ತಯಾರಾದ ಮಾಲು’ ಅಲ್ಲ. ಇದನ್ನೂ ಒಂದು ಸಲ ಹೇಳಿಬಿಡಿ.

ಫಾರ್ಮಿಂಗ್ ಮಷಿನ್ ಭಾಗದಲ್ಲಿ ನಿಜವಾದ ಪರೀಕ್ಷೆ ಶುರುವಾಗುತ್ತದೆ. ಈ ಪಠ್ಯಗಳಲ್ಲಿ ಸಾಮಾನ್ಯವಾಗಿ ಬರುವ ಒಂದು ಪ್ಯಾರಾ ಅಕ್ಷರಶಃ ಅನುವಾದದಲ್ಲಿ ಹೇಗೆ ಬರುತ್ತದೆ ನೋಡಿ:

‘ಗಾಬ್ ಅನ್ನು ಖಾಲಿ ಅಚ್ಚಿಗೆ ಹಾಕಲಾಗುತ್ತದೆ. ನೆಲೆಗೊಳಿಸುವ ಊದುವಿಕೆಯು ಗಾಜನ್ನು ಕೆಳಕ್ಕೆ ತಳ್ಳಿ ಮುಕ್ತಾಯವನ್ನು ರೂಪಿಸುತ್ತದೆ. ಪ್ರತಿ ಊದುವಿಕೆಯಿಂದ ಪ್ಯಾರಿಸನ್ ರೂಪುಗೊಳ್ಳುತ್ತದೆ. ಪ್ಯಾರಿಸನ್ ಅನ್ನು ವರ್ಗಾಯಿಸಿ, ಮತ್ತೆ ಬಿಸಿ ಮಾಡಿ, 210 ಡಿಗ್ರಿಯಲ್ಲಿ ಅಂತಿಮ ಊದುವಿಕೆ ನೀಡಲಾಗುತ್ತದೆ.’

ವ್ಯಾಕರಣದಲ್ಲಿ ತಪ್ಪಿಲ್ಲ. ಆದರೆ ಇದನ್ನು ಓದಿದ ಹುಡುಗನಿಗೆ ಬಾಟಲಿ ಹೇಗಾಯಿತು ಅಂತ ಗೊತ್ತಾಗುವುದಿಲ್ಲ. ಅಷ್ಟೇ ಆಗಿದ್ದರೆ ಬೇರೆ ಮಾತು. ಇದು ಅವನಿಗೆ ತಪ್ಪು ವಿಷಯ ಕಲಿಸುತ್ತದೆ.

ಮೊದಲನೆಯದು ‘ಖಾಲಿ ಅಚ್ಚು’. ಬ್ಲ್ಯಾಂಕ್ ಅಂದರೆ ಇಲ್ಲಿ ಖಾಲಿ ಅಂತಲ್ಲ, ಮೊದಲ ಅಚ್ಚು ಅಂತ. ಐ.ಎಸ್. ಅನ್ನುವ ಫಾರ್ಮಿಂಗ್ ಮಷಿನ್‌ನ ಪ್ರತಿ ಸೆಕ್ಷನ್‌ನಲ್ಲೂ ಎರಡು ಬದಿ ಇರುತ್ತವೆ. ಬ್ಲ್ಯಾಂಕ್ ಬದಿಯಲ್ಲಿ ಗಾಬ್‌ಗೆ, ಅಂದರೆ ಬಿಸಿ ಗಾಜಿನ ಉಂಡೆಗೆ, ಒರಟು ಆಕಾರ ಬರುತ್ತದೆ, ಬ್ಲೋ ಬದಿಯಲ್ಲಿ ಪೂರ್ತಿ ಬಾಟಲಿಯ ಆಕಾರ ಬರುತ್ತದೆ. ಆ ಒರಟು ಆಕಾರವೇ ಪ್ಯಾರಿಸನ್.

ಎರಡನೆಯದು ‘ಮುಕ್ತಾಯ’. ಬಾಟಲಿ ಉದ್ಯಮದಲ್ಲಿ ಫಿನಿಶ್ ಅಂದರೆ ಬಾಟಲಿಯ ಬಾಯಿ: ಮುಚ್ಚಳ ಕೂರುವ ಭಾಗ, ಥ್ರೆಡ್, ಅಂಚು ಎಲ್ಲ ಸೇರಿ. ಸ್ವಾರಸ್ಯ ಏನೆಂದರೆ ಮಷಿನ್‌ನಲ್ಲಿ ಮೊಟ್ಟಮೊದಲು ತಯಾರಾಗುವ ಭಾಗವೇ ಇದು. ಅದನ್ನು ‘ಮುಕ್ತಾಯ’ ಅಂತ ಬರೆದರೆ ಕೊನೆಯ ಹಂತ ಅಂತ ಅರ್ಥವಾಗಿ ಇಡೀ ಕ್ರಮವೇ ತಲೆಕೆಳಗಾಗುತ್ತದೆ. ಫಿನಿಶ್ ಅಂತಲೇ ಬಿಟ್ಟು ‘ಬಾಟಲಿಯ ಬಾಯಿ’ ಅಂತ ವಿವರಿಸಿ.

ಮೂರನೆಯದು ‘ಕೆಳಕ್ಕೆ’. ಬ್ಲ್ಯಾಂಕ್ ಬದಿಯಲ್ಲಿ ಬಾಟಲಿ ತಲೆಕೆಳಗಾಗಿ ಇರುತ್ತದೆ, ಬಾಯಿ ಕೆಳಗೆ, ಅದಕ್ಕೆ ಆಕಾರ ಕೊಡುವ ನೆಕ್ ರಿಂಗ್‌ನೊಳಗೆ ಇರುತ್ತದೆ. ಇದನ್ನು ಇಂಗ್ಲಿಷ್ ಪಠ್ಯ ಎಷ್ಟೋ ಸಲ ಹೇಳುವುದೇ ಇಲ್ಲ, ಪಕ್ಕದ ಚಿತ್ರದಲ್ಲಿ ಕಾಣುತ್ತದಲ್ಲ ಅಂತ ಬಿಟ್ಟಿರುತ್ತದೆ. ನೀವು ಹೇಳಲೇಬೇಕು. ಇಲ್ಲದಿದ್ದರೆ ಕೆಳಕ್ಕೆ ತಳ್ಳಿದ ಗಾಜು ಬಾಯಿ ಹೇಗೆ ಮಾಡುತ್ತದೆ ಅಂತ ಓದುವವನಿಗೆ ಹೊಳೆಯುವುದಿಲ್ಲ. ಬಾಟಲಿಯ ತಳ ಅಂತ ಬಂದಲ್ಲೆಲ್ಲ ‘ಈಗ ಮೇಲಿರುವ ತಳ’ ಅನ್ನುವುದು ಒಂದೆರಡು ಸಲವಾದರೂ ಬರಲಿ.

ನಾಲ್ಕನೆಯದೇ ನನ್ನನ್ನು ಜಾಸ್ತಿ ಚಿಂತೆಗೆ ಹಚ್ಚುವುದು: ‘ಮತ್ತೆ ಬಿಸಿ ಮಾಡಿ’. ರೀಹೀಟ್ ಅನ್ನುವ ಹಂತದಲ್ಲಿ ಯಾರೂ ಏನನ್ನೂ ಬಿಸಿ ಮಾಡುವುದಿಲ್ಲ. ಅಲ್ಲಿ ಬರ್ನರ್ ಇಲ್ಲ. ಗಾಬ್ ಸುಮಾರು 1,100 ರಿಂದ 1,200 ಡಿಗ್ರಿಯಲ್ಲಿ ಬ್ಲ್ಯಾಂಕ್‌ಗೆ ಬೀಳುತ್ತದೆ. ಅಚ್ಚಿನ ಕಬ್ಬಿಣ ಗಾಜಿನ ಹೊರಮೈಯಿಂದ ಬಿಸಿ ಎಳೆದುಕೊಳ್ಳುತ್ತದೆ. ಹೊರಮೈ ಬಿಗಿಯಾದ ಚರ್ಮದಂತಾಗುತ್ತದೆ. ಅದರಿಂದಲೇ ಪ್ಯಾರಿಸನ್‌ಗೆ ತನ್ನ ಆಕಾರದಲ್ಲಿ ನಿಲ್ಲುವ ಶಕ್ತಿ ಬರುತ್ತದೆ, ಅದನ್ನು ಎತ್ತಿ ತಿರುಗಿಸಿ ಇನ್ನೊಂದು ಬದಿಗೆ ಒಯ್ಯುವುದು ಸಾಧ್ಯವಾಗುತ್ತದೆ. ಆಮೇಲೆ ಪ್ಯಾರಿಸನ್ ಬ್ಲೋ ಮೌಲ್ಡ್‌ನಲ್ಲಿ ನೇತಾಡುವಾಗ ಅದರ ಮೈಗೆ ಕಬ್ಬಿಣ ತಾಗಿರುವುದಿಲ್ಲ. ಆಗ ಗಾಜಿನ ಒಳಗಿನ ಬಿಸಿ ಹೊರಮೈಗೆ ಬರುತ್ತದೆ. ಬಿಗಿಯಾಗಿದ್ದ ಹೊರಮೈ ಮತ್ತೆ ಮೆದುವಾಗುತ್ತದೆ. ಇದೇ ರೀಹೀಟ್. ಗಾಜು ತನ್ನ ಬಿಸಿಯಿಂದ ತಾನೇ ಮೆದುವಾಗಲು ಕೊಡುವ ಸಮಯ ಅದು.

ಇದು ಸುಮ್ನೆ ಪದದ ಜಗಳ ಅಲ್ಲ. ರೀಹೀಟ್ ಸಮಯ ಕಡಿಮೆಯಾದರೆ ಬಿಗಿ ಚರ್ಮ ಸರಿಯಾಗಿ ಹಿಗ್ಗುವುದಿಲ್ಲ, ಗೋಡೆ ಒಂದು ಕಡೆ ದಪ್ಪ ಒಂದು ಕಡೆ ತೆಳು ಆಗುತ್ತದೆ. ಸಮಯ ಜಾಸ್ತಿಯಾದರೆ ಪ್ಯಾರಿಸನ್ ತನ್ನ ಭಾರಕ್ಕೆ ಕೆಳಗೆ ಜೋಲುತ್ತದೆ, ತಳ ದಪ್ಪ, ಭುಜ ತೆಳು. ಎರಡಕ್ಕೂ ಮೊದಲು ನೋಡಬೇಕಾದ್ದು ಟೈಮಿಂಗ್. ‘ಮತ್ತೆ ಬಿಸಿ ಮಾಡಲಾಗುತ್ತದೆ’ ಅಂತ ಓದಿದ ಹುಡುಗ ಗ್ಯಾಸ್ ವಾಲ್ವ್ ಎಲ್ಲಿದೆ ಅಂತ ಹುಡುಕುತ್ತಾನೆ.

ಟೈಮಿಂಗ್ ಅಂದೆನಲ್ಲ, ಆ ‘210 ಡಿಗ್ರಿ’ ಏನು ಅಂತ ನೋಡಿ. ಇದು ತಾಪಮಾನ ಅಲ್ಲ. ಐ.ಎಸ್. ಮಷಿನ್‌ನಲ್ಲಿ ಒಂದು ಸೆಕ್ಷನ್‌ನ ಒಂದು ಸುತ್ತನ್ನು 360 ಡಿಗ್ರಿ ಅಂತ ಲೆಕ್ಕ ಹಾಕುತ್ತಾರೆ. ಯಾವ ಗಾಳಿ ಯಾವಾಗ ತೆರೆಯಬೇಕು, ಯಾವ ಕೈ ಯಾವಾಗ ತಿರುಗಬೇಕು ಅನ್ನುವುದನ್ನೆಲ್ಲ ಆ ಡಿಗ್ರಿಯಲ್ಲೇ ಹೇಳುತ್ತಾರೆ. ಒಂದು ಸೆಕ್ಷನ್ ನಿಮಿಷಕ್ಕೆ 12 ಸುತ್ತು ಓಡುತ್ತಿದೆ ಅನ್ನೋಣ. ಒಂದು ಸುತ್ತಿಗೆ 5 ಸೆಕೆಂಡ್. ಆಗ 36 ಡಿಗ್ರಿ ಅಂದರೆ ಅರ್ಧ ಸೆಕೆಂಡ್. ಅದೇ ಸೆಕ್ಷನ್ ನಿಮಿಷಕ್ಕೆ 10 ಸುತ್ತಿಗೆ ಇಳಿದರೆ ಅದೇ 36 ಡಿಗ್ರಿ 0.6 ಸೆಕೆಂಡ್ ಆಗುತ್ತದೆ. ಅಂದರೆ ಡಿಗ್ರಿ ಮುಟ್ಟದೆ ಬರೀ ವೇಗ ಬದಲಿಸಿದರೂ ರೀಹೀಟ್ ಸಮಯ ಬದಲಾಗುತ್ತದೆ. ಆದ್ದರಿಂದ ಪಠ್ಯದುದ್ದಕ್ಕೂ ತಾಪಮಾನಕ್ಕೆ ‘ಡಿಗ್ರಿ ಸೆಲ್ಸಿಯಸ್’, ಮಷಿನ್‌ಗೆ ‘ಟೈಮಿಂಗ್ ಡಿಗ್ರಿ’ ಅಂತ ಬರೆಯಿರಿ. ಬರೀ ‘ಡಿಗ್ರಿ’ ಅಂತ ಎಲ್ಲಿಯೂ ಬಿಡಬೇಡಿ.

ಈಗ ಅದೇ ಪ್ಯಾರಾವನ್ನು ನಾನು ಬರೆದರೆ ಹೀಗೆ ಬರೆಯುತ್ತೇನೆ:

‘ಗಾಬ್ ಮೇಲಿನಿಂದ ಬ್ಲ್ಯಾಂಕ್ ಮೌಲ್ಡ್‌ಗೆ ಬೀಳುತ್ತದೆ. ಇಲ್ಲಿ ಬಾಟಲಿ ತಲೆಕೆಳಗಾಗಿ ಇರುತ್ತದೆ. ಬಾಯಿ ಕೆಳಗಿನ ನೆಕ್ ರಿಂಗ್‌ನಲ್ಲಿ ಇರುತ್ತದೆ. ಮೇಲಿಂದ ಸೆಟಲ್ ಬ್ಲೋ ಗಾಳಿ ಬಂದು ಗಾಜನ್ನು ನೆಕ್ ರಿಂಗ್‌ನೊಳಗೆ ಒತ್ತುತ್ತದೆ. ಫಿನಿಶ್, ಅಂದರೆ ಬಾಟಲಿಯ ಬಾಯಿ, ಆಗಲೇ ತಯಾರಾಗುತ್ತದೆ. ಆಮೇಲೆ ಕೆಳಗಿನಿಂದ, ಬಾಯಿಯ ಮೂಲಕ, ಕೌಂಟರ್ ಬ್ಲೋ ಗಾಳಿ ಒಳಗೆ ಹೋಗಿ ಗಾಜನ್ನು ಟೊಳ್ಳು ಮಾಡುತ್ತದೆ. ಇದೇ ಪ್ಯಾರಿಸನ್. ನೆಕ್ ರಿಂಗ್ ಪ್ಯಾರಿಸನ್ನಿನ ಬಾಯಿಯನ್ನು ಹಿಡಿದುಕೊಂಡೇ ತಿರುಗಿ ಅದನ್ನು ಬ್ಲೋ ಮೌಲ್ಡ್‌ಗೆ ತಲುಪಿಸುತ್ತದೆ. ಈಗ ಬಾಯಿ ಮೇಲೆ ಬಂದಿರುತ್ತದೆ. ಪ್ಯಾರಿಸನ್ ಸ್ವಲ್ಪ ಹೊತ್ತು ನೇತಾಡುತ್ತದೆ; ಒಳಗಿನ ಬಿಸಿ ಹೊರಮೈಗೆ ಹರಡಿ ಗಾಜು ಸಮನಾಗಿ ಮೆದುವಾಗುತ್ತದೆ. ಇದಕ್ಕೆ ರೀಹೀಟ್ ಅನ್ನುತ್ತಾರೆ. 210 ಟೈಮಿಂಗ್ ಡಿಗ್ರಿಗೆ ಫೈನಲ್ ಬ್ಲೋ ಗಾಳಿ ಶುರುವಾಗಿ ಗಾಜನ್ನು ಅಚ್ಚಿನ ಗೋಡೆಗೆ ಒತ್ತುತ್ತದೆ.’

ಉದ್ದ ಆಯಿತು, ನಿಜ. ಆದರೆ ಗಾಳಿ ಯಾವ ದಿಕ್ಕಿನಿಂದ ಬಂತು ಅಂತ ಪ್ರತಿ ಸಲ ಹೇಳಿದ್ದರಿಂದ ತಪ್ಪನ್ನೂ ಹುಡುಕಬಹುದು. ಬಾಯಿ ಪೂರ್ತಿ ತುಂಬಿಲ್ಲವಾ? ಮೊದಲು ಅನುಮಾನಿಸಬೇಕಾದ್ದು ಮೇಲಿನಿಂದ ಬರುವ ಗಾಳಿಯನ್ನು. ಬಾಟಲಿಯ ಮೈ ಮೇಲೆ ಸುತ್ತಲೂ ಅಲೆಯಂಥ ಗುರುತು ಇದೆಯಾ? ಸೆಟಲ್ ಬ್ಲೋಗೂ ಕೌಂಟರ್ ಬ್ಲೋಗೂ ನಡುವೆ ತಡವಾಗಿ, ಅಚ್ಚಿಗೆ ಮೊದಲು ತಾಗಿದ ಗಾಜು ಜಾಸ್ತಿ ತಣ್ಣಗಾಗಿರಬಹುದು. ‘ಮಾಡಲಾಗುತ್ತದೆ, ನೀಡಲಾಗುತ್ತದೆ’ ಅನ್ನುವ ವಾಕ್ಯಗಳಲ್ಲಿ ಈ ಸುಳಿವು ಉಳಿಯುವುದಿಲ್ಲ. ಇಂಗ್ಲಿಷಿನ ತಾಂತ್ರಿಕ ಬರಹಕ್ಕೆ ಕರ್ತೃ ಬಿಟ್ಟ ವಾಕ್ಯ ಅಭ್ಯಾಸ. ಕನ್ನಡದಲ್ಲಿ ಗಾಳಿ ಒತ್ತಲಿ, ಕೈ ತಿರುಗಲಿ, ಬೆಲ್ಟ್ ಓಡಲಿ.

ಇನ್ನು ಅನೀಲಿಂಗ್. ನೀವು ಕೇಳಿದ್ದೇ ಇದರ ಬಗ್ಗೆ, ಹಾಗಾಗಿ ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ.

‘ಮೆದುಗೊಳಿಸುವಿಕೆ’ ಲೋಹದ ಕೆಲಸದಿಂದ ಬಂದದ್ದು. ಉಕ್ಕನ್ನು ಅನೀಲ್ ಮಾಡಿದರೆ ಮೆದುವಾಗುತ್ತದೆ, ಸರಿ. ಅನೀಲ್ ಆದ ಗಾಜು ಮೆದು ಏನೂ ಆಗಿರುವುದಿಲ್ಲ. ‘ಹದಗೊಳಿಸುವಿಕೆ’ ಇನ್ನೂ ತೊಂದರೆಯದು, ಯಾಕೆಂದರೆ ಹದ ಹಾಕುವುದು ಅಂತ ನಾವು ಟೆಂಪರ್ ಮಾಡುವುದಕ್ಕೂ ಹೇಳುತ್ತೇವೆ. ಗಾಜಿನಲ್ಲಿ ಅನೀಲಿಂಗ್, ಟೆಂಪರಿಂಗ್ ಒಂದಕ್ಕೊಂದು ಪೂರ್ತಿ ಎದುರು. ಟೆಂಪರಿಂಗ್‌ನಲ್ಲಿ ಬಿಸಿ ಗಾಜಿನ ಎರಡೂ ಮೈಗೆ ಜೋರಾಗಿ ಗಾಳಿ ಹೊಡೆದು ಬೇಕಂತಲೇ ಒಳಗೆ ಬಿಗಿತ ಹುಟ್ಟಿಸುತ್ತಾರೆ. ಕಾರಿನ ಪಕ್ಕದ ಕಿಟಕಿಯ ಗಾಜು ಹೀಗೆ ಆಗಿದ್ದು. ಅನೀಲಿಂಗ್‌ನಲ್ಲಿ ನಿಧಾನವಾಗಿ ತಣ್ಣಗೆ ಮಾಡಿ ಆ ಬಿಗಿತವನ್ನು ತೆಗೆಯುತ್ತಾರೆ. ಎರಡಕ್ಕೂ ‘ಹದ’ ಅಂದರೆ ಓದುವವನು ಯಾವುದನ್ನು ಹಿಡಿಯಬೇಕು?

‘ಬಿಗಿತ’ ಅಂದೆ ನೋಡಿ. ಇಲ್ಲೂ ಒಂದು ತೊಡಕಿದೆ. ಸ್ಟ್ರೆಸ್‌ಗೆ ನಿಘಂಟು ‘ಒತ್ತಡ’ ಕೊಡುತ್ತದೆ. ಆದರೆ ಗಾಳಿಯ ಪ್ರೆಷರ್‌ಗೂ ಒತ್ತಡವೇ. ಹಿಂದಿನ ಅಧ್ಯಾಯದಲ್ಲಿ ಎಲ್ಲ ಕಡೆ ಗಾಳಿಯ ಒತ್ತಡ ಬಂದಿದೆ. ಮುಂದಿನ ಅಧ್ಯಾಯದಲ್ಲಿ ‘ಬಾಟಲಿಯಲ್ಲಿ ಒತ್ತಡ ಉಳಿದಿದೆ’ ಅಂದರೆ ಒಳಗೆ ಗಾಳಿ ತುಂಬಿದೆ ಅನ್ನಿಸುತ್ತದೆ. ನಾನು ಗಾಳಿಗೆ ‘ಒತ್ತಡ’, ಗಾಜಿನ ಸ್ಟ್ರೆಸ್‌ಗೆ ‘ಒಳಬಿಗಿತ’ ಅಂತ ಬಳಸುತ್ತೇನೆ. ನಿಮಗೆ ಸ್ಟ್ರೆಸ್ ಅಂತಲೇ ಬಿಡುವುದು ಸರಿ ಅನ್ನಿಸಿದರೆ ಅದೂ ಆಗುತ್ತದೆ. ಒಂದೇ ಪದ ಎರಡು ಕಡೆ ಬರಬಾರದು, ಅಷ್ಟೇ.

ಒಳಬಿಗಿತ ಹೇಗೆ ಹುಟ್ಟುತ್ತದೆ ಅಂತ ಮೊದಲು ಒಂದು ಪ್ಯಾರಾ ಕೊಡಿ, ಮೂಲದಲ್ಲಿ ಇಲ್ಲದಿದ್ದರೂ ಸೇರಿಸಿ. ಮಷಿನ್‌ನಿಂದ ಹೊರಬಂದ ಬಾಟಲಿಯ ಎಲ್ಲ ಭಾಗ ಒಂದೇ ಬಿಸಿಯಲ್ಲಿ ಇರುವುದಿಲ್ಲ. ಹೊರಮೈ ಬೇಗ ತಣ್ಣಗಾಗುತ್ತದೆ, ಒಳಭಾಗ ಮತ್ತು ದಪ್ಪ ತಳ ಇನ್ನೂ ಬಿಸಿ ಇರುತ್ತವೆ. ಹಾಗೇ ಬಿಟ್ಟರೆ ಹೊರಮೈ ಮೊದಲು ಗಟ್ಟಿಯಾಗಿ ನಿಂತುಬಿಡುತ್ತದೆ. ಆಮೇಲೆ ಒಳಗಿನ ಗಾಜು ತಣ್ಣಗಾಗುತ್ತಾ ಕುಗ್ಗಲು ನೋಡುತ್ತದೆ, ಗಟ್ಟಿಯಾದ ಹೊರಮೈ ಬಿಡುವುದಿಲ್ಲ. ಒಳಗೆ ಎಳೆತ, ಹೊರಗೆ ಅದುಮುವಿಕೆ. ಬಾಟಲಿಯಲ್ಲಿ ಇದು ಸಮನಾಗಿಯೂ ಇರುವುದಿಲ್ಲ. ಎಳೆತ ಇರುವ ಜಾಗಕ್ಕೆ ಒಂದು ಗೀರು ಮುಟ್ಟಿದರೆ, ಅಥವಾ ಬಿಸಿ ದ್ರವ ತುಂಬಿದರೆ, ತಳ ಕಳಚಿ ಬೀಳಬಹುದು.

ಅನೀಲಿಂಗ್ ನಡೆಯುವ ಒಲೆಗೆ ಲೇರ್ ಅನ್ನುತ್ತಾರೆ. ಅದು ಮಾಡುವ ಕೆಲಸ ಮೂರು ಹಂತದ್ದು. ಬಾಟಲಿಗಳನ್ನು ಹೊತ್ತ ಬೆಲ್ಟ್ ಉದ್ದನೆಯ ಸುರಂಗದಂಥ ಒಲೆಯೊಳಗೆ ಓಡುತ್ತದೆ. ಮೊದಲ ಭಾಗದಲ್ಲಿ ಇಡೀ ಬಾಟಲಿ ಸುಮಾರು 550 ಡಿಗ್ರಿ ಸೆಲ್ಸಿಯಸ್‌ಗೆ ಬಂದು, ಸ್ವಲ್ಪ ಹೊತ್ತು ಅಲ್ಲೇ ಇರುತ್ತದೆ. ಇದಕ್ಕೆ ಇಂಗ್ಲಿಷಿನಲ್ಲಿ ಸೋಕ್ ಅನ್ನುತ್ತಾರೆ. ‘ನೆನೆಸುವುದು’ ಅಂತ ಬರೆದರೆ ಓದುವವನು ನೀರನ್ನು ಹುಡುಕುತ್ತಾನೆ. ‘ಅದೇ ಬಿಸಿಯಲ್ಲಿ ಇಡುವುದು’ ಅನ್ನಿ. ಎರಡನೆಯ ಭಾಗದಲ್ಲಿ ನಿಧಾನವಾಗಿ 500 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಇಳಿಸುತ್ತಾರೆ. ಮೂರನೆಯದರಲ್ಲಿ ಬೇಗ ಬೇಗ ತಣ್ಣಗೆ ಮಾಡಬಹುದು.

ಆ ನಿರ್ದಿಷ್ಟ ಸಂಖ್ಯೆಗಳು ಯಾಕೆ? ಸಾಮಾನ್ಯ ಸೋಡಾ-ಲೈಮ್ ಗಾಜಿಗೆ ಅನೀಲಿಂಗ್ ಪಾಯಿಂಟ್ ಸುಮಾರು 550. ಅಲ್ಲಿ ಒಳಬಿಗಿತ ನಿಮಿಷಗಳಲ್ಲಿ, ಸುಮಾರು ಕಾಲು ಗಂಟೆಯಲ್ಲಿ ಸಡಿಲವಾಗುತ್ತದೆ. ಸ್ಟ್ರೇನ್ ಪಾಯಿಂಟ್ 510ರ ಹತ್ತಿರ. ಅಲ್ಲಿ ಅದೇ ಕೆಲಸಕ್ಕೆ ಗಂಟೆಗಳೇ ಬೇಕು. ಅದಕ್ಕಿಂತ ಕೆಳಗೆ ಗಾಜು ಕಾರ್ಖಾನೆಯ ಲೆಕ್ಕದಲ್ಲಿ ಗಟ್ಟಿ ವಸ್ತು. ಅಲ್ಲಿ ಒಳಗೂ ಹೊರಗೂ ಬಿಸಿಯ ವ್ಯತ್ಯಾಸ ಇದ್ದರೆ ಬಿಗಿತ ಬರುತ್ತದೆ, ಎಲ್ಲ ತಣ್ಣಗಾದ ಮೇಲೆ ಹೋಗುತ್ತದೆ. ಆದರೆ ಈ ಎರಡು ಬಿಂದುಗಳ ನಡುವೆ ಇದ್ದ ವ್ಯತ್ಯಾಸ ಶಾಶ್ವತ ಒಳಬಿಗಿತವಾಗಿ ಉಳಿದುಬಿಡುತ್ತದೆ. ಆದ್ದರಿಂದ ನಿಧಾನ ಬೇಕಾದ್ದು ಅಲ್ಲಿ ಮಾತ್ರ. ಪಠ್ಯದಲ್ಲಿ ‘ನಿಧಾನ’, ‘ವೇಗ’ ಎರಡೂ ಬಂದಾಗ ಯಾವ ಡಿಗ್ರಿಯಿಂದ ಯಾವ ಡಿಗ್ರಿವರೆಗೆ ಅನ್ನುವುದನ್ನು ಅದೇ ವಾಕ್ಯದಲ್ಲಿ ಇಡಿ.

ಈ ನಿಧಾನ ಎಷ್ಟು ಅನ್ನುವುದನ್ನು ತೀರ್ಮಾನಿಸುವುದು ಗಾಜಿನ ದಪ್ಪ. ಉಳಿಯುವ ಬಿಗಿತ ತಣ್ಣಗಾಗುವ ವೇಗಕ್ಕೆ ಸರಿಯಾಗಿ ಏರುತ್ತದೆ, ದಪ್ಪದ ವರ್ಗಕ್ಕೆ ಸರಿಯಾಗಿಯೂ ಏರುತ್ತದೆ. ತಳ 4 ಮಿಲಿಮೀಟರ್ ಇದ್ದ ಬಾಟಲಿಗೆ ಈ ನಿಧಾನದ ಭಾಗದಲ್ಲಿ 20 ನಿಮಿಷ ಸಾಕಾಗುತ್ತಿತ್ತು ಅನ್ನೋಣ. ಮುಂದಿನ ಜಾಬ್‌ನಲ್ಲಿ ತಳ 6 ಮಿಲಿಮೀಟರ್. ಹುಡುಗರು ಸಾಮಾನ್ಯವಾಗಿ ಒಂದೂವರೆ ಪಟ್ಟು, ಅಂದರೆ 30 ನಿಮಿಷ ಅನ್ನುತ್ತಾರೆ. ತಪ್ಪು. ವರ್ಗ ತೆಗೆದರೆ 36ಕ್ಕೆ 16, ಅಂದರೆ ಎರಡೂಕಾಲು ಪಟ್ಟು, 45 ನಿಮಿಷ. ಅಷ್ಟು ಸಮಯ ಸಿಗುವಂತೆ ಬೆಲ್ಟ್ ವೇಗವನ್ನೂ ಜೋನ್‌ಗಳ ಸೆಟ್ಟಿಂಗನ್ನೂ ಬದಲಿಸದಿದ್ದರೆ ಬಾಟಲಿ ನೋಡಲು ಚೆನ್ನಾಗಿಯೇ ಇರುತ್ತದೆ, ಒಳಗೆ ಬಿಗಿತ ಉಳಿದಿರುತ್ತದೆ. ‘ದಪ್ಪಕ್ಕೆ ಅನುಗುಣವಾಗಿ ಸಮಯ ಹೊಂದಿಸಿ’ ಅಂತ ಮಾತ್ರ ಬರೆದರೆ ಆ 30 ನಿಮಿಷದ ತಪ್ಪಿಗೆ ನೀವೇ ದಾರಿ ಮಾಡಿಕೊಟ್ಟಂತೆ. ಈ ಲೆಕ್ಕವನ್ನು ಹೀಗೇ ಬಿಡಿಸಿ ಕೊಡಿ.

ಮೂಲ ಪಠ್ಯ ಫ್ಯಾರನ್‌ಹೀಟ್‌ನಲ್ಲಿ ಇದ್ದರೆ ಇನ್ನೊಂದು ಅಪಾಯ. ‘1,020 ಡಿಗ್ರಿ ಫ್ಯಾರನ್‌ಹೀಟ್’ ಅನ್ನುವುದನ್ನು 549 ಸೆಲ್ಸಿಯಸ್ ಮಾಡುವುದು ಸುಲಭ. ಆದರೆ ‘ಬೆಲ್ಟ್‌ನ ಎಡಕ್ಕೂ ಬಲಕ್ಕೂ ವ್ಯತ್ಯಾಸ 10 ಡಿಗ್ರಿ ಫ್ಯಾರನ್‌ಹೀಟ್ ಮೀರಬಾರದು’ ಅಂತ ಬಂದಾಗ ಅದೇ ಲೆಕ್ಕ ಹಾಕಿದರೆ ಮೈನಸ್ 12 ಬರುತ್ತದೆ! ವ್ಯತ್ಯಾಸಕ್ಕೂ, ನಿಮಿಷಕ್ಕೆ ಇಷ್ಟು ಡಿಗ್ರಿ ಅನ್ನುವ ವೇಗಕ್ಕೂ 32 ಕಳೆಯಬಾರದು. ಬರೀ 1.8ರಿಂದ ಭಾಗಿಸಬೇಕು. 10 ಫ್ಯಾರನ್‌ಹೀಟ್ ವ್ಯತ್ಯಾಸ ಅಂದರೆ ಸುಮಾರು 5.6 ಸೆಲ್ಸಿಯಸ್ ವ್ಯತ್ಯಾಸ. ಜೊತೆಗೆ ಪಠ್ಯದಲ್ಲಿ ‘ಲೇರ್‌ನ ತಾಪಮಾನ’ ಅಂತ ಬಂದಲ್ಲಿ ಅದು ಥರ್ಮೋಕಪಲ್ ತೋರಿಸುವ ಒಲೆಯ ಗಾಳಿಯದೋ, ಗಾಜಿನದೋ ಅಂತ ಕೇಳಿ ತಿಳಿದುಕೊಂಡು ಬರೆಯಿರಿ. ಎರಡೂ ಒಂದೇ ಆಗಿರಬೇಕಿಲ್ಲ.

ಕೊನೆಯದಾಗಿ ಪರೀಕ್ಷೆಯ ಪುಟ. ಲೇರ್‌ನಿಂದ ಬಂದ ಬಾಟಲಿಯನ್ನು ಪೋಲಾರಿಸ್ಕೋಪ್‌ನಲ್ಲಿ ಹಿಡಿದು ತಳ ನೋಡುತ್ತಾರೆ, ಯಾಕೆಂದರೆ ಗಾಜು ದಪ್ಪ ಇರುವುದು ಅಲ್ಲೇ. ಒಳಬಿಗಿತ ಇದ್ದ ಕಡೆ ಬಣ್ಣ ಬದಲಾಗಿ ಕಾಣುತ್ತದೆ. ಆ ಬಣ್ಣವನ್ನು ಪ್ರಮಾಣಿತ ಬಿಲ್ಲೆಗಳ ಬಣ್ಣದ ಜೊತೆ ಹೋಲಿಸುತ್ತಾರೆ. ಒಂದು ಬಿಲ್ಲೆ, ಎರಡು ಬಿಲ್ಲೆ ಅಂತ ಒಂದರ ಮೇಲೊಂದು ಇಟ್ಟು ಎಷ್ಟಕ್ಕೆ ಸರಿಹೊಂದುತ್ತದೆ ಅಂತ ನೋಡುತ್ತಾರೆ. ಬಂದ ಸಂಖ್ಯೆಗೆ ಟೆಂಪರ್ ನಂಬರ್ ಅಂತ ಹೆಸರು. ಈ ಹೆಸರೇ ಬಲೆ. ಇದನ್ನು ‘ಹದದ ಸಂಖ್ಯೆ’ ಅಂತ ಮಾಡಿದರೆ ಸಂಖ್ಯೆ ಜಾಸ್ತಿ ಇದ್ದಷ್ಟೂ ಹದ ಚೆನ್ನಾಗಿದೆ ಅಂತ ಯಾರಿಗಾದರೂ ಅನ್ನಿಸುತ್ತದೆ, ಅಲ್ವಾ? ನಿಜ ಅದಕ್ಕೆ ಉಲ್ಟಾ. ಸಂಖ್ಯೆ ಏರಿದಷ್ಟೂ ಉಳಿದ ಬಿಗಿತ ಜಾಸ್ತಿ, ಅನೀಲಿಂಗ್ ಕೆಟ್ಟಿದೆ ಅಂತ ಅರ್ಥ. ‘ಟೆಂಪರ್ ನಂಬರ್: ಗಾಜಿನಲ್ಲಿ ಉಳಿದ ಒಳಬಿಗಿತದ ಅಳತೆ; ಕಡಿಮೆ ಇದ್ದಷ್ಟೂ ಒಳ್ಳೆಯದು’ ಅಂತ ಎದ್ದು ಕಾಣುವ ಹಾಗೆ ಬರೆಯಿರಿ.

ಇಲ್ಲೇ ‘ಕಂಡ’ ನಂಬರ್, ‘ನಿಜ’ ನಂಬರ್ ಅಂತ ಎರಡು ಬರುತ್ತವೆ. ಬಿಗಿತ ಅಷ್ಟೇ ಇದ್ದರೂ ದಪ್ಪ ತಳದಲ್ಲಿ ಬೆಳಕು ಜಾಸ್ತಿ ಗಾಜನ್ನು ದಾಟುವುದರಿಂದ ಬಣ್ಣ ಜಾಸ್ತಿ ಬದಲಾಗುತ್ತದೆ. ಅದನ್ನು ಸರಿಪಡಿಸಲು ಕಂಡ ನಂಬರನ್ನು 4.06ರಿಂದ ಗುಣಿಸಿ ಮಿಲಿಮೀಟರ್‌ನಲ್ಲಿರುವ ದಪ್ಪದಿಂದ ಭಾಗಿಸುತ್ತಾರೆ. 6 ಮಿಲಿಮೀಟರ್ ತಳದಲ್ಲಿ 4 ಕಂಡರೆ ನಿಜ ನಂಬರ್ ಸುಮಾರು 2.7. ಮೂಲದಲ್ಲಿ ಮಿತಿ ಕೊಟ್ಟಿದ್ದರೆ ಅದು ಈ ಎರಡರಲ್ಲಿ ಯಾವುದಕ್ಕೆ ಅನ್ನುವುದನ್ನು ಬಿಡದೆ ಬರೆಯಿರಿ.

ಅನುವಾದ ಮುಗಿದ ಮೇಲೆ ಪ್ರೂಫ್ ನೋಡುವವರಿಗಿಂತ ಮೊದಲು ಹೊಸದಾಗಿ ಸೇರಿದ ಒಬ್ಬರಿಗೆ ಕೊಡಿ. ಓದಿಸಿ, ಪುಟ ಮುಚ್ಚಿಸಿ, ಮೂರು ಪ್ರಶ್ನೆ ಕೇಳಿ. ರೀಹೀಟ್ ಆಗುವಾಗ ಬಿಸಿ ಎಲ್ಲಿಂದ ಬರುತ್ತದೆ? ಸೆಟಲ್ ಬ್ಲೋ ಬರುವಾಗ ಬಾಟಲಿಯ ಬಾಯಿ ಎಲ್ಲಿರುತ್ತದೆ? ಟೆಂಪರ್ ನಂಬರ್ ನಿನ್ನೆ 2 ಇತ್ತು, ಇವತ್ತು 5 ಬಂದಿದೆ, ಈ ಮಾಲು ಕಳಿಸಬಹುದಾ? ಯಾವುದಕ್ಕೆ ತಪ್ಪು ಉತ್ತರ ಬಂತೋ ಆ ಪ್ಯಾರಾವನ್ನು ಮತ್ತೆ ಬರೆಯಿರಿ.